ಕಿಟಕಿಯಿಲ್ಲದ ಮನೆಗಳು

ಎಚ್. ಜಿ. ವೆಲ್ಸ್‌ನ ‘ದಿ ಕಂಟ್ರಿ ಆಫ್ ದಿ ಬ್ಲೈಂಡ್’ ಕಥೆಯ ಹಳ್ಳಿಯಲ್ಲಿ ಯಾವ ಮನೆಗೂ ಕಿಟಕಿಯಿಲ್ಲ. ಗೋಡೆಗಳಿಗೆ ಬಳಿದ ಗಾರೆಯ ಬಣ್ಣ ಒಂದು ಕಡೆ ಬೂದು, ಪಕ್ಕದಲ್ಲೇ ಕಂದು, ಕ್ರಮವೆಂಬುದಿಲ್ಲ. ಹಾದಿಗಳು ಮಾತ್ರ ಅಚ್ಚುಕಟ್ಟು. ಕಪ್ಪು ಬಿಳಿ ಕಲ್ಲು ಹಾಸಿ, ಅಂಚಿಗೆ ಸಣ್ಣ ಕಟ್ಟು ಕಟ್ಟಿದ್ದಾರೆ. ಕಣಿವೆಯ ನಡುವಿನಿಂದ ಹೊರಡುವ ಹಾದಿಗಳೆಲ್ಲ ಒಂದಕ್ಕೊಂದು ಗೊತ್ತಾದ ಕೋನದಲ್ಲಿವೆ, ಪ್ರತಿ ಹಾದಿಯ ಅಂಚುಗಲ್ಲಿಗೂ ಅದರದೇ ಗುರುತಿನ ಕಚ್ಚು ಇದೆ. ಹಿಮದ ಇಳಿಜಾರಿನಲ್ಲಿ ಉರುಳಿ ಬದುಕುಳಿದು ಇಲ್ಲಿಗೆ ಬಂದ ನೂನೆಜ್ ಎಂಬ ಪರ್ವತಾರೋಹಿ ದೂರದಿಂದ ಆ ಗೋಡೆಗಳನ್ನು ನೋಡಿ, ಇದನ್ನು ಬಳಿದವನು ಬಾವಲಿಯಷ್ಟು ಕುರುಡನಿರಬೇಕು ಎಂದುಕೊಳ್ಳುತ್ತಾನೆ. ಒಂದೆರಡು ಪುಟಗಳಲ್ಲಿ ಆ ಮಾತು ನಿಜವಾಗುತ್ತದೆ. ಬಳಿದವನು ಕುರುಡನೇ. ಇಡೀ ಹಳ್ಳಿಯೇ ಕುರುಡರದು.

ನೂನೆಜ್ ಕುರುಡುತನವನ್ನು ಮೊದಲು ತರುವುದು ಉಪಮೆಯಾಗಿ, ಕೆಟ್ಟ ಕೆಲಸಕ್ಕೆ ಹಾಕುವ ಬೈಗುಳವಾಗಿ. ಆಮೇಲೆ ಎದುರಿಗೆ ಬರುವವರು ಹೆಗಲಡ್ಡೆಯಲ್ಲಿ ಬಕೆಟ್ಟು ಹೊತ್ತ, ಮಾತಾಡುವ, ವಾಸನೆ ಹಿಡಿಯುವ ಮನುಷ್ಯರು. ಕಥೆಯಲ್ಲಿ ಅಂಗವೈಕಲ್ಯ ರೂಪಕವಾಗಿ ಬಂದಾಗ ವಿಮರ್ಶೆ ಏನು ಮಾಡಬೇಕು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೊಡುವುದು ಈ ಕಥೆಯನ್ನು. ಇದು ಆ ದೋಷಕ್ಕೂ ಉದಾಹರಣೆ, ಆ ದೋಷವನ್ನು ಹಿಡಿಯುವ ಬಗೆಗೂ ಉದಾಹರಣೆ. ಜೊತೆಗೆ, ನನಗೆ ಬಹಳ ಇಷ್ಟವಾದ ಕಥೆ.

1904ರ ಏಪ್ರಿಲ್‌ನಲ್ಲಿ ‘ಸ್ಟ್ರಾಂಡ್’ ಪತ್ರಿಕೆಯಲ್ಲಿ ಇದು ಮೊದಲು ಬಂತು. ಎಕ್ವಡಾರ್‌ನ ಆಂಡಿಸ್ ಬೆಟ್ಟಗಳ ನಡುವೆ ಒಂದು ಕಣಿವೆ. ಸ್ಪ್ಯಾನಿಷ್ ಆಳರಸನ ಹಿಂಸೆ ತಾಳದೆ ಓಡಿಬಂದ ಕೆಲವು ಕುಟುಂಬಗಳು ಅಲ್ಲಿ ನೆಲೆಸಿದವು. ಜ್ವಾಲಾಮುಖಿ ಸಿಡಿದು, ಬೆಟ್ಟ ಜರಿದು, ಹೊರಗಿನ ದಾರಿ ಮುಚ್ಚಿತು. ಹುಟ್ಟುವ ಮಕ್ಕಳ ಕಣ್ಣು ಕಳೆಯುವ ಕಾಯಿಲೆಯೊಂದು ಬಂತು. ಮುದುಕರು ತಡವರಿಸಿದರು, ಯುವಕರಿಗೆ ಮಬ್ಬು ಮಬ್ಬಾಗಿ ಕಾಣುತ್ತಿತ್ತು, ಅವರ ಮಕ್ಕಳಿಗೆ ಏನೂ ಕಾಣಲಿಲ್ಲ. ಕಾಣುವವರು ಕಾಣದ ಮಕ್ಕಳನ್ನು ಕೈಹಿಡಿದು ನಡೆಸುತ್ತ ಕಣಿವೆಯ ಮೂಲೆ ಮೂಲೆಯನ್ನೂ ಕಲಿಸಿದರು. ಕಾಣುವವರೆಲ್ಲ ತೀರಿಹೋದ ಮೇಲೂ ಬದುಕು ನಿಲ್ಲಲಿಲ್ಲ. ವೆಲ್ಸ್ ಇದನ್ನು ದುರಂತದ ಸ್ವರದಲ್ಲಿ ಹೇಳುವುದಿಲ್ಲ. ನಷ್ಟ ಎಷ್ಟು ನಿಧಾನವಾಗಿ ಬಂತೆಂದರೆ ಅದು ನಷ್ಟವೆಂದು ಅವರಿಗೆ ಹೆಚ್ಚಾಗಿ ಅನಿಸಲೇ ಇಲ್ಲ ಎನ್ನುತ್ತಾನೆ. ನೂನೆಜ್ ಬರುವ ಹೊತ್ತಿಗೆ ಹದಿನಾಲ್ಕು, ಹದಿನೈದು ತಲೆಮಾರು ದಾಟಿವೆ. ಅವರ ದಿನದಲ್ಲಿ ಬೆಳಕು ಕತ್ತಲೆ ಇಲ್ಲ, ಬಿಸಿ ತಂಪು ಇವೆ. ಬಿಸಿಯಲ್ಲಿ ಮಲಗುತ್ತಾರೆ, ತಂಪಿನಲ್ಲಿ ದುಡಿಯುತ್ತಾರೆ. ಹತ್ತಾರು ಹೆಜ್ಜೆ ದೂರ ನಿಂತವನ ಎದೆಬಡಿತವೂ ಅವರ ಕಿವಿಗೆ ಬೀಳುತ್ತದೆ. ಈ ಎದೆಬಡಿತವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಕುರುಡರ ನಾಡಿನಲ್ಲಿ ಒಕ್ಕಣ್ಣನೇ ರಾಜ ಎಂಬ ಗಾದೆಯನ್ನು ನೂನೆಜ್ ಮನಸ್ಸಿನಲ್ಲಿ ಪಲ್ಲವಿಯಂತೆ ಹೇಳಿಕೊಳ್ಳುತ್ತ ಹಳ್ಳಿಗೆ ಇಳಿಯುತ್ತಾನೆ. ಅವನನ್ನು ಒಂದು ಮನೆಯೊಳಗೆ ಕರೆದೊಯ್ಯುತ್ತಾರೆ. ಒಳಗೆ ಗವ್ವೆನ್ನುವ ಕತ್ತಲು. ಕೂತವನೊಬ್ಬನ ಕಾಲಿಗೆ ಎಡವಿ ಬೀಳುತ್ತಾನೆ, ಬೀಳುವಾಗ ಚಾಚಿದ ಕೈ ಇನ್ನಾರಿಗೋ ಬಡಿಯುತ್ತದೆ. ಇವನಿಗೆ ನಡೆಯಲೂ ಸರಿಯಾಗಿ ಬರುವುದಿಲ್ಲ, ಇವನು ಇನ್ನೂ ಪೂರ್ತಿ ರೂಪುಗೊಳ್ಳದ ಜೀವ ಎಂದು ಅವರು ತೀರ್ಮಾನಿಸುತ್ತಾರೆ. ಮನೆ ಕಟ್ಟಿದ ರೀತಿ, ಕೆಲಸದ ಹೊತ್ತು, ಹಾದಿಯ ಗುರುತು ಎಲ್ಲ ಇನ್ನೊಂದು ಬಗೆಯ ದೇಹಕ್ಕೆ ಹೊಂದಿಕೊಂಡಿರುವಾಗ ಎರಡು ಒಳ್ಳೆಯ ಕಣ್ಣುಳ್ಳವನು ಅಸಮರ್ಥನಾಗುತ್ತಾನೆ. ಮನುಷ್ಯನನ್ನು ಕುಂಠಿತಗೊಳಿಸುವುದು ಅವನ ದೇಹದ ಊನಕ್ಕಿಂತ ಹೆಚ್ಚಾಗಿ ಸಮಾಜದ ಏರ್ಪಾಡು ಎಂಬ ವಾದವನ್ನು ಬ್ರಿಟನ್ನಿನ ವಿಕಲಚೇತನರ ಸಂಘಟನೆಯೊಂದು 1976ರಲ್ಲಿ ಸ್ಪಷ್ಟವಾಗಿ ಬರೆದಿಟ್ಟಿತು. ಅದಕ್ಕೂ ಏಳು ದಶಕ ಹಿಂದೆ ಒಂದು ಕಥೆಯ ಕತ್ತಲೆ ಕೋಣೆಯಲ್ಲಿ ಅದು ಕಣ್ಣಮುಂದೆ ನಡೆದುಹೋಗಿದೆ. ವಾದವಾಗಿ ನಡೆದಿಲ್ಲ, ಎಡವಿದ ಕಾಲಾಗಿ ನಡೆದಿದೆ. ಇದೇ ಸಾಹಿತ್ಯದ ಹೆಚ್ಚುಗಾರಿಕೆ.

ಮುಂದೆ ಬರುವ ಪರೀಕ್ಷೆ ಇನ್ನೂ ಸೊಗಸಾದದ್ದು. ತನಗೆ ದೃಷ್ಟಿಯಿದೆ ಎಂದು ರುಜುವಾತು ಮಾಡಲು ನೂನೆಜ್ ಹೊರಡುತ್ತಾನೆ. ಹದಿನೇಳನೆಯ ಹಾದಿಯಲ್ಲಿ ಪೆದ್ರೋ ಬರುತ್ತಿದ್ದಾನೆ, ಇನ್ನೊಂದು ಗಳಿಗೆಗೆ ಇಲ್ಲಿರುತ್ತಾನೆ ಎನ್ನುತ್ತಾನೆ. ಪೆದ್ರೋ ಹತ್ತನೆಯ ಹಾದಿಗೆ ಅಡ್ಡಹೊರಳಿ ಹೋಗಿಬಿಡುತ್ತಾನೆ. ಆಮೇಲೆ ದೂರದ ಬಯಲಲ್ಲಿ ನಿಂತು ಮನೆಗಳ ನಡುವೆ ಏನಾಗುತ್ತಿದೆ ಎಂದು ಹೇಳುತ್ತೇನೆ ಎನ್ನುತ್ತಾನೆ. ಹಳ್ಳಿಗರು ಒಪ್ಪುತ್ತಾರೆ, ಒಬ್ಬನನ್ನು ಜೊತೆಗೆ ಕಳಿಸುತ್ತಾರೆ. ಅವರಿಗೆ ಬೇಕಾದದ್ದು ಮಾತ್ರ ಕಿಟಕಿಯಿಲ್ಲದ ಮನೆಗಳ ಒಳಗೆ ನಡೆಯುತ್ತಿರುವ ಸಂಗತಿ. ಅದನ್ನು ಅವನು ಹೇಳಲಾರ. ಹೊರಗೆ ಅವನು ಕಂಡದ್ದು ಅವರಿಗೆ ಲೆಕ್ಕಕ್ಕಿಲ್ಲ. ಈ ಭಾಗವನ್ನು ಹಳ್ಳಿಗರ ಮೊಂಡುತನವೆಂದು ಓದುವುದು ರೂಢಿ. ನನಗೆ ಹಾಗನಿಸುವುದಿಲ್ಲ. ಅವರು ಅವನ ಮಾತು ಕೇಳಿದರು, ಪರೀಕ್ಷೆಗೆ ಒಡ್ಡಿದರು, ಫಲ ಬರಲಿಲ್ಲವಾದ್ದರಿಂದ ತಳ್ಳಿಹಾಕಿದರು. ಹೊಸದನ್ನು ಕಲಿಯಲು ಒಪ್ಪದವನು ನೂನೆಜ್. ಅಂಚುಗಲ್ಲಿನ ಕಚ್ಚುಗಳನ್ನು ಬೆರಳಿಂದ ಓದಲು ಅವನು ಒಮ್ಮೆಯೂ ಪ್ರಯತ್ನಿಸಿದಂತೆ ಕಾಣುವುದಿಲ್ಲ. ಅವನು ರಾಜನಾಗಲು ಬಂದವನು. ಸೋತಾಗ ಸನಿಕೆ ಎತ್ತುತ್ತಾನೆ, ಒಬ್ಬನಿಗೆ ಹೊಡೆದು ಓಡುತ್ತಾನೆ, ಎರಡು ದಿನ ಅನ್ನ ನೆರಳಿಲ್ಲದೆ ಕಳೆದು, ತನಗೆ ಹುಚ್ಚು ಹಿಡಿದಿತ್ತು ಎಂದು ಒಪ್ಪಿಕೊಂಡು ಮರಳುತ್ತಾನೆ.

ಇಲ್ಲಿಯವರೆಗೆ ಕುರುಡುತನ ಒಂದು ಬದುಕು. ನಂತರ ಕಥೆ ಮೆಲ್ಲಗೆ ಹೊರಳುತ್ತದೆ. ಆ ಹೊರಳುವ ಜಾಗವನ್ನು ಬೆರಳಿಟ್ಟು ತೋರಿಸುವುದೇ ವಿಮರ್ಶಕನ ಮುಖ್ಯ ಕೆಲಸ ಎಂದು ನಾನು ತಿಳಿದಿದ್ದೇನೆ.

ಅದು ಮೊದಲು ಕಾಣುವುದು ಪ್ರೀತಿಯ ಪ್ರಸಂಗದಲ್ಲಿ. ನೂನೆಜ್‌ನ ಒಡೆಯ ಯಾಕೋಬ್‌ನ ಕಿರಿಯ ಮಗಳು ಮೆದಿನಾ ಸರೋತೆ. ಊರವರ ಕಣ್ಣಿಗೆ, ಅಲ್ಲ, ಊರವರ ಬೆರಳಿಗೆ ಅವಳು ಚೆಲುವೆಯಲ್ಲ. ಮುಖ ನುಣುಪಾಗಿಲ್ಲ, ರೇಖೆಗಳು ತೀಕ್ಷ್ಣ, ದನಿ ಅವರ ಸೂಕ್ಷ್ಮ ಕಿವಿಗೆ ತುಸು ಜೋರು. ಸ್ಪರ್ಶದ ನಾಡಿನಲ್ಲಿ ಚೆಲುವಿಗೆ ಬೇರೆಯೇ ಅಳತೆ ಇರುತ್ತದೆಂದು ವೆಲ್ಸ್ ಯೋಚಿಸಿದ್ದು ದೊಡ್ಡದು. ಆದರೆ ಅವಳನ್ನು ನೂನೆಜ್‌ಗೆ, ಅವನ ಮೂಲಕ ನಮಗೆ, ಚೆಲುವೆಯಾಗಿಸುವುದು ಯಾವುದು? ಉಳಿದವರಂತೆ ಅವಳ ರೆಪ್ಪೆ ಗುಳಿಬಿದ್ದಿಲ್ಲ. ಯಾವ ಗಳಿಗೆಯಲ್ಲಾದರೂ ತೆರೆದುಕೊಳ್ಳಬಹುದು ಎಂಬಂತಿದೆ. ಉದ್ದನೆಯ ರೆಪ್ಪೆಗೂದಲೂ ಇದೆ. ಇಡೀ ಹಳ್ಳಿಯಲ್ಲಿ ಪ್ರೀತಿಗೆ ಅರ್ಹಳಾಗಿ ಕಥೆ ಆರಿಸಿದ್ದು ಕಾಣುವವರನ್ನು ಅತಿ ಹೆಚ್ಚು ಹೋಲುವ ಮುಖವನ್ನು. ಇದನ್ನು ನೂನೆಜ್‌ನ ರುಚಿ ಎಂದು ಬಿಟ್ಟುಬಿಡಬಹುದು. ನಿರೂಪಕ ಆ ರುಚಿಯಿಂದ ದೂರ ನಿಲ್ಲುವುದೇ ಇಲ್ಲ ಎಂಬುದನ್ನು ಕಂಡಾಗ ಮಾತ್ರ ಅದು ಕಥೆಯದೇ ಒಲವು ಎಂದು ಗೊತ್ತಾಗುತ್ತದೆ.

ಮದುವೆಗೆ ಹಿರಿಯರು ಒಡ್ಡುವ ಷರತ್ತು ಎಲ್ಲರಿಗೂ ನೆನಪಿರುವ ಭಾಗ. ಊರಿನ ವೈದ್ಯ ನೂನೆಜ್‌ನ ಮುಖ ಮುಟ್ಟಿ ಪರೀಕ್ಷಿಸುತ್ತಾನೆ. ಕಣ್ಣೆಂಬ ಆ ಉಬ್ಬಿದ, ಸದಾ ಮಿಸುಕಾಡುವ ಮೃದು ಭಾಗಗಳಿಂದಲೇ ಇವನ ಮಿದುಳು ಕೆರಳಿದೆ, ಅವನ್ನು ತೆಗೆದರೆ ಪೂರ್ತಿ ಸ್ವಸ್ಥನಾಗುತ್ತಾನೆ ಎನ್ನುತ್ತಾನೆ. ಯಾರಲ್ಲೂ ಕೇಡಿನ ಬುದ್ಧಿಯಿಲ್ಲ. ತಂದೆಗೆ ಕನಿಕರ, ವೈದ್ಯನಿಗೆ ಉತ್ಸಾಹ, ಮೆದಿನಾಗೂ ಅವನು ಒಪ್ಪಲಿ ಎಂಬ ಆಸೆ. ಬೇರೆ ಬಗೆಯ ದೇಹವನ್ನು ಸರಿಪಡಿಸಿದ ಮೇಲೆಯೇ ಒಳಗೆ ಸೇರಿಸುತ್ತೇವೆ ಎಂಬ ಮಾತನ್ನು ವಿಕಲಚೇತನರು ತಲೆತಲಾಂತರದಿಂದ ಕೇಳಿದ್ದಾರೆ, ನಮ್ಮ ಊರುಗಳ ಮದುವೆ ಮಾತುಕತೆಯಲ್ಲೂ ಕೇಳಿದ್ದಾರೆ. ವೆಲ್ಸ್ ಆ ಮಾತನ್ನು ತಿರುಗಿಸಿ, ಕಣ್ಣುಳ್ಳ ಓದುಗನ ಮೈಮೇಲೆ ತಂದು ನಿಲ್ಲಿಸಿದ. ಇದಕ್ಕಿಂತ ಬಲವಾಗಿ ಅದನ್ನು ಯಾರಾದರೂ ಬರೆದಿದ್ದಾರೆಯೇ ಎಂದು ನನಗೆ ಅನುಮಾನ.

ಆದರೂ ಇದೇ ದೃಶ್ಯ ರೂಪಕದ ಕಡೆಗೂ ವಾಲುತ್ತದೆ. ನಮ್ಮ ತಲೆಯ ಮೇಲೆ ನುಣುಪಾದ ಕಲ್ಲಿನ ಚಾವಣಿ ಇದೆ, ಜಗತ್ತು ಅಲ್ಲಿಗೆ ಮುಗಿಯುತ್ತದೆ ಎಂದು ನಂಬಿದ ಹಿರಿಯರು ಈಗ ಹೊಸ ವಿಚಾರವನ್ನು ಕಿತ್ತೊಗೆಯುವ ಜಡ ಸಮಾಜದ ಗುರುತಾಗುತ್ತಾರೆ, ನೂನೆಜ್ ದಾರ್ಶನಿಕನಾಗುತ್ತಾನೆ. 1904ರ ಪಾಠದಲ್ಲಿ ಅವನು ಶಸ್ತ್ರಚಿಕಿತ್ಸೆಯ ದಿನ ಬೆಟ್ಟ ಹತ್ತಿ ಹೋಗಿ, ನಕ್ಷತ್ರಗಳ ಕೆಳಗೆ ನೆಮ್ಮದಿಯಾಗಿ ಮಲಗುತ್ತಾನೆ. ಬದುಕಿದನೇ ಸತ್ತನೇ ಕಥೆ ಹೇಳುವುದಿಲ್ಲ. ಆ ಮೌನದಿಂದಾಗಿ ರೂಪಕ ಇನ್ನೂ ಎರಡು ಕಡೆಗೂ ತೂಗುತ್ತಿರುತ್ತದೆ.

ಮೂವತ್ತೈದು ವರ್ಷಗಳ ನಂತರ, 1939ರಲ್ಲಿ, ವೆಲ್ಸ್ ಕೊನೆಯನ್ನು ಬೇರೆಯಾಗಿ ಬರೆದ. ಈ ಪಾಠದಲ್ಲಿ ಬೆಟ್ಟದ ಮೈಯಲ್ಲಿ ಬಿರುಕು ಬಿಡುತ್ತಿರುವುದು ನೂನೆಜ್‌ಗೆ ಕಾಣುತ್ತದೆ. ಎಚ್ಚರಿಸಿದರೆ ಯಾರೂ ನಂಬುವುದಿಲ್ಲ. ಬೆಟ್ಟ ಕುಸಿದು ಹಳ್ಳಿ ನಾಶವಾಗುತ್ತದೆ, ಅವನು ಮೆದಿನಾಳೊಂದಿಗೆ ಪಾರಾಗುತ್ತಾನೆ. ಈಗ ಅರ್ಥ ಗಟ್ಟಿಯಾಯಿತು: ಕಾಣುವವನ ಎಚ್ಚರಿಕೆಗೆ ಕಿವಿಗೊಡದವರು ಅಳಿದರು. ಯುರೋಪಿನಲ್ಲಿ ಯುದ್ಧ ಶುರುವಾದ ವರ್ಷ ಅದು. ಬರಲಿರುವ ಕೇಡನ್ನು ಹೇಳಿ ಹೇಳಿ ದಣಿದಿದ್ದ ಮುದಿ ವೆಲ್ಸ್‌ಗೆ ಈ ಕೊನೆ ಯಾಕೆ ಬೇಕಾಯಿತೆಂದು ಊಹಿಸುವುದು ಕಷ್ಟವಲ್ಲ.

ಈಗ ಎದೆಬಡಿತವನ್ನು ನೆನಪಿಸಿಕೊಳ್ಳೋಣ. ದೂರ ನಿಂತವನ ಎದೆ ಬಡಿಯುವುದು ಕೇಳುವ ಜನಕ್ಕೆ, ಹುಲ್ಲಿನ ಮೇಲೆ ಒಂದು ಹೆಜ್ಜೆ ತಪ್ಪಿಟ್ಟರೆ ಗದರಿಸುವ ಜನಕ್ಕೆ, ಅಂಗಾಲಿನಿಂದ ನೆಲವನ್ನು ಓದುತ್ತ ಹದಿನೈದು ತಲೆಮಾರು ಬದುಕಿದ ಜನಕ್ಕೆ, ತಮ್ಮ ತಲೆಯ ಮೇಲಿನ ಬೆಟ್ಟ ಸೀಳುವ ಸದ್ದು ಮೊದಲು ತಿಳಿಯಬೇಡವೇ? ಸಡಿಲವಾದ ಕಲ್ಲು ಉರುಳಿದ್ದು, ಕಾಲುವೆಯ ನೀರಿನ ದನಿ ಬದಲಾದದ್ದು, ಮಣ್ಣಿನ ಹಸಿ ವಾಸನೆ? ಕಥೆ ಮೊದಲರ್ಧದಲ್ಲಿ ತಾನೇ ಅಷ್ಟು ಪ್ರೀತಿಯಿಂದ ಕೊಟ್ಟ ಕಿವಿ, ಮೂಗು, ಅಂಗಾಲುಗಳನ್ನು ರೂಪಕಕ್ಕೆ ಬೇಕಾದ ಗಳಿಗೆಯಲ್ಲಿ ಹಿಂದಕ್ಕೆ ಪಡೆದುಕೊಂಡಿದೆ. ಅವರು ನಿಜವಾಗಿ ಕುರುಡರಾದದ್ದು ಇಲ್ಲಿ.

ಈ ಕಥೆಯ ಮೇಲೆ ಪ್ರಬಂಧ ಬರೆಯುವವರು ಸಾಮಾನ್ಯವಾಗಿ ಆರಂಭಿಸುವ ವಾಕ್ಯ ಇದು: ‘ವೆಲ್ಸ್ ಕುರುಡರನ್ನು ಅಜ್ಞಾನಿಗಳಂತೆ ಚಿತ್ರಿಸಿದ್ದಾನೆ.’ ಈ ವಾಕ್ಯವನ್ನು ಕಥೆಯ ಮೊದಲ ಅರ್ಧವೇ ಕೆಡವಿಬಿಡುತ್ತದೆ. ಇದಕ್ಕೆ ಬದಲು, ‘ವೆಲ್ಸ್ ತನ್ನ ಹಳ್ಳಿಗರಿಗೆ ಕೊಟ್ಟ ಅರಿವನ್ನು ಕುರುಡುತನ ಅಜ್ಞಾನದ ಗುರುತಾಗಬೇಕಾದ ಕಡೆ ಕಸಿದುಕೊಳ್ಳುತ್ತಾನೆ’ ಎಂದು ಬರೆದರೆ ಅದಕ್ಕೆ ಸಾಕ್ಷಿ ಪುಟಪುಟದಲ್ಲಿ ಸಿಗುತ್ತದೆ, ಮತ್ತು ಕಥೆಯ ಸೊಗಸನ್ನು ನಿರಾಕರಿಸುವ ಅಗತ್ಯ ಬೀಳುವುದಿಲ್ಲ. ಇಂಥ ವಾಕ್ಯಕ್ಕೆ ತಲುಪಲು ನಾನು ನಂಬುವ ದಾರಿ ಬಹಳ ಸರಳ. ಎರಡನೆಯ ಓದಿನಲ್ಲಿ ಪೆನ್ಸಿಲ್ ಹಿಡಿದು, ಪಾತ್ರಗಳು ತಮ್ಮ ದೇಹದಿಂದ ಏನನ್ನು ಮಾಡುತ್ತವೆ, ಹೇಗೆ ತಿಳಿಯುತ್ತವೆ ಎಂದು ಹೇಳುವ ಸಾಲುಗಳಿಗೆ ಒಂದು ಗುರುತು ಹಾಕಬೇಕು. ದೇಹವು ಇನ್ನೇನನ್ನೋ ಸೂಚಿಸುವ ಸಾಲುಗಳಿಗೆ ಇನ್ನೊಂದು. ಪುಟಗಳು ತಿರುವಿದಂತೆ ಮೊದಲ ಗುರುತು ವಿರಳವಾಗಿ ಎರಡನೆಯದು ದಟ್ಟವಾಗುವ ಜಾಗ ಕಣ್ಣಿಗೆ ಬೀಳುತ್ತದೆ. ಎರಡೂ ಗುರುತು ಒಂದೇ ಸಾಲಿನ ಮೇಲೆ ಬಿದ್ದು ಪರಸ್ಪರ ಒಪ್ಪದ ಜಾಗವಿದ್ದರೆ ಪ್ರಬಂಧ ಅಲ್ಲಿಂದ ಶುರುವಾಗಬೇಕು. ಮಾತು ಯಾರದು ಎಂಬುದನ್ನೂ ಬಿಡದೆ ಕೇಳಬೇಕು. ಬಾವಲಿಯ ಉಪಮೆ ನೂನೆಜ್‌ನದು, ಅದನ್ನು ವೆಲ್ಸ್‌ನ ತಲೆಗೆ ಕಟ್ಟಿದರೆ ಇಡೀ ವಾದ ಕುಂದುತ್ತದೆ. ಗುಳಿಬೀಳದ ರೆಪ್ಪೆಯ ಮೆಚ್ಚುಗೆ ಮಾತ್ರ ಇಬ್ಬರದೂ.

ಡೇವಿಡ್ ಮಿಚೆಲ್ ಮತ್ತು ಶರಾನ್ ಸ್ನೈಡರ್ 2000ದಲ್ಲಿ ಪ್ರಕಟಿಸಿದ ‘ನೆರೇಟಿವ್ ಪ್ರಾಸ್ಥೆಸಿಸ್’ ಎಂಬ ಪುಸ್ತಕ ಈ ವಿಷಯದಲ್ಲಿ ಬಹಳ ಚರ್ಚೆಯಾದದ್ದು. ಕಥೆಗಳು ಅಂಗವೈಕಲ್ಯದ ಮೇಲೆ ಊರಿಕೊಂಡು ನಿಲ್ಲುತ್ತವೆ, ಪಾತ್ರಕ್ಕೆ ಗುರುತು, ಘಟನೆಗೆ ಕಾರಣ, ಅರ್ಥಕ್ಕೆ ರೂಪಕ ಎಲ್ಲವನ್ನೂ ಅದರಿಂದ ಪಡೆಯುತ್ತವೆ, ಆ ದೇಹದ ಸಾಮಾಜಿಕ ಬದುಕಿನ ಕಡೆಗೆ ಮಾತ್ರ ತಿರುಗುವುದಿಲ್ಲ ಎಂಬುದು ಅವರ ವಾದ. ಉಪಯುಕ್ತವಾದ ಮಾತು. ಆದರೆ ಇದನ್ನು ಮೊದಲೇ ಕೈಯಲ್ಲಿ ಹಿಡಿದು ಕಥೆಗೆ ಇಳಿದರೆ ಪ್ರತಿ ಕಥೆಯೂ ಒಂದೇ ಅಪರಾಧದ ಆರೋಪಿಯಾಗಿ ಕಾಣುತ್ತದೆ. ಇದು ದೃಷ್ಟಾಂತ ಕಥೆ, ಇದರಲ್ಲಿ ವಾಸ್ತವವನ್ನು ಹುಡುಕಬೇಡಿ ಎಂಬ ಆಕ್ಷೇಪಕ್ಕೂ ಆಗ ಉತ್ತರ ಇರುವುದಿಲ್ಲ. ಕಥೆ ತನಗೆ ತಾನೇ ಹಾಕಿಕೊಂಡ ನಿಯಮದಿಂದ ಅದನ್ನು ಅಳೆದರೆ ಉತ್ತರ ಇರುತ್ತದೆ. ಎದೆಬಡಿತ ಕೇಳುವ ಕಿವಿಯನ್ನು ನಾವು ಬೇಡಲಿಲ್ಲ, ವೆಲ್ಸ್ ಕೊಟ್ಟ.

ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ, ಆರು ಕುರುಡರು ಆನೆ ಮುಟ್ಟಿದ ಕಥೆಯನ್ನು ಹೀಗೆ ಓದಿ ನೋಡಬೇಕು. ಕಾಲು ಮುಟ್ಟಿದವನು ಕಂಬವೆಂದ, ಕಿವಿ ಮುಟ್ಟಿದವನು ಮೊರವೆಂದ. ಅಂಧಗಜ ನ್ಯಾಯವೆಂದು ಶಾಸ್ತ್ರದಲ್ಲೂ ಸೇರಿದೆ. ಸ್ಪರ್ಶದಿಂದ ತಿಳಿಯುವ ಯಾರೂ ಒಂದು ಮುಟ್ಟಿಗೆ ನಿಲ್ಲುವುದಿಲ್ಲ. ಕೈ ಸರಿಯುತ್ತದೆ, ಸುತ್ತು ಬರುತ್ತದೆ, ಪಕ್ಕದವನನ್ನು ಕೇಳುತ್ತದೆ. ಮತ್ತೆ ಈ ಆರು ಜನರ ಕೈ ಯಾಕೆ ಸರಿಯಲಿಲ್ಲ? ಪಾಳಿಯ ‘ಉದಾನ’ದಲ್ಲಿ ಈ ಕಥೆಯ ಹಳೆಯ ರೂಪವಿದೆ, ಅಲ್ಲಿ ಉತ್ತರವೂ ಇದೆ. ಸಾವತ್ಥಿಯ ರಾಜ ಊರಿನ ಹುಟ್ಟುಕುರುಡರನ್ನೆಲ್ಲ ಒಂದೆಡೆ ಸೇರಿಸಲು ಹೇಳುತ್ತಾನೆ. ರಾಜನ ಆಳು ಕೆಲವರಿಗೆ ತಲೆಯನ್ನು ಮುಟ್ಟಿಸಿ ಆನೆಯೆಂದರೆ ಇದೇ ಎನ್ನುತ್ತಾನೆ, ಕೆಲವರಿಗೆ ಕಿವಿಯನ್ನು, ಕೆಲವರಿಗೆ ದಂತವನ್ನು, ಕೆಲವರಿಗೆ ಬಾಲವನ್ನು. ಆಮೇಲೆ ಅವರು ಗುದ್ದಾಡಿಕೊಂಡಾಗ ರಾಜ ನೋಡಿ ಸಂತೋಷಪಡುತ್ತಾನೆ. ಅರ್ಧ ಸತ್ಯ ಅವರ ಕಣ್ಣಿಲ್ಲದ್ದರಿಂದ ಬಂದದ್ದಲ್ಲ, ರಾಜನ ಏರ್ಪಾಡಿನಿಂದ ಬಂದದ್ದು. ಮುಂದೆ ಕಥೆ ಬಾಯಿಂದ ಬಾಯಿಗೆ ಬರುವಾಗ ರಾಜನೂ ಆಳೂ ಬಿದ್ದುಹೋದರು, ಕುರುಡರಷ್ಟೇ ಉಳಿದರು. ಅಂಗವೈಕಲ್ಯ ಅಜ್ಞಾನದ ಗುರುತಾಗುವ ಕಡೆಯಲ್ಲೆಲ್ಲ ಇಂಥದೊಬ್ಬ ಬಿದ್ದುಹೋದ ರಾಜನನ್ನು ಹುಡುಕುವುದು ನನಗೆ ರೂಢಿಯಾಗಿದೆ.

ಪೋರ್ಚುಗಲ್‌ನ ಜೋಸೆ ಸರಮಾಗು 1995ರಲ್ಲಿ ಬರೆದ, ಇಂಗ್ಲಿಷಿನಲ್ಲಿ ‘ಬ್ಲೈಂಡ್‌ನೆಸ್’ ಎಂದು ಹೆಸರಾದ ಕಾದಂಬರಿಯಲ್ಲಿ ಆ ರಾಜ ಎದುರಿಗೇ ಇದ್ದಾನೆ. ನಗರಕ್ಕೆ ಹಾಲು ಬಿಳುಪಿನ ಕುರುಡು ಅಂಟುರೋಗದಂತೆ ಹಬ್ಬುತ್ತದೆ. ಸರ್ಕಾರ ಕುರುಡಾದವರನ್ನು ಹಳೆಯ ಹುಚ್ಚಾಸ್ಪತ್ರೆಯೊಂದರಲ್ಲಿ ಕೂಡಿಹಾಕಿ ಸೈನಿಕರ ಕಾವಲಿಡುತ್ತದೆ, ಅನ್ನ ಔಷಧಿಗೆ ಬರ. ಒಳಗೆ ಕೊಳಕು, ಹಸಿವು, ಅತ್ಯಾಚಾರ. ಇವೆಲ್ಲ ಕೂಡಿಹಾಕಿದ್ದರ ಫಲವೆಂದು ತೋರಿಸುವಷ್ಟು ವಿವರ ಕಾದಂಬರಿಯಲ್ಲೇ ಇದೆ. ಕೊನೆಯಲ್ಲಿ ಮಾತ್ರ ಹೊಣೆ ಕುರುಡಿಗೆ ಜಾರುತ್ತದೆ, ನಾವು ಮೊದಲಿಂದಲೂ ಕುರುಡರೇ ಎಂಬ ಅರ್ಥಕ್ಕೆ ಇಡೀ ಯಾತನೆ ಸಲ್ಲುತ್ತದೆ. ಇದರ ಚಲನಚಿತ್ರ 2008ರಲ್ಲಿ ಬಂದಾಗ ಅಮೆರಿಕದ ಅಂಧರ ರಾಷ್ಟ್ರೀಯ ಒಕ್ಕೂಟ ಚಿತ್ರಮಂದಿರಗಳ ಮುಂದೆ ಪ್ರತಿಭಟಿಸಿತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ನನ್ನ ಮನಸ್ಸು ನಿಲ್ಲುವುದು ಒಂದು ಚಿಕ್ಕ ಪಾತ್ರದ ಮೇಲೆ. ಆ ಆಸ್ಪತ್ರೆಯಲ್ಲಿ ಒಬ್ಬ ಮೊದಲಿನಿಂದಲೂ ಕುರುಡ, ಬ್ರೈಲ್‌ನಲ್ಲಿ ಲೆಕ್ಕ ಬರೆಯುತ್ತಾನೆ. ಕುರುಡಾಗಿ ಬದುಕಲು ಬಲ್ಲವನು ಅವನು. ಅವನನ್ನು ಸರಮಾಗು ಇಟ್ಟಿದ್ದು ಅನ್ನ ಕಸಿದು ಸುಲಿಯುವ ಪುಂಡರ ಗುಂಪಿನಲ್ಲಿ. ಗೋಡೆ ಹಿಡಿದು ತಡಕಾಡುವ ನೂರಾರು ಜನಕ್ಕೆ ಅವನು ಏನನ್ನಾದರೂ ಕಲಿಸಬಹುದಿತ್ತು. ಕಲಿಸಿದ್ದರೆ ರೂಪಕ ಉಳಿಯುತ್ತಿರಲಿಲ್ಲ. ಆ ಲೆಕ್ಕ ಬರೆಯುವವನೊಬ್ಬನ ಮೇಲೆಯೇ ಇಡೀ ಪ್ರಬಂಧ ಬರೆಯಬಹುದು.

ಧೃತರಾಷ್ಟ್ರನ ಬಗ್ಗೆಯೂ ಹಾಗೆಯೇ. ಮಗನ ಮೇಲಿನ ಅವನ ಮೋಹಕ್ಕೆ ಕುರುಡು ಎಂಬ ವಿಶೇಷಣ ನಮ್ಮ ಮಾತಿನಲ್ಲಿ ತಾನಾಗಿ ಬಂದು ಕೂರುತ್ತದೆ. ಮಹಾಭಾರತ ತೋರಿಸುವುದು ಬೇರೆ. ಉದ್ಯೋಗಪರ್ವದಲ್ಲಿ ನಿದ್ದೆ ಬಾರದ ರಾತ್ರಿ ಅವನು ವಿದುರನನ್ನು ಕರೆಸಿಕೊಂಡು ಇಡೀ ರಾತ್ರಿ ನೀತಿ ಕೇಳುತ್ತಾನೆ. ಅವನಿಗೆ ಎಲ್ಲ ತಿಳಿದಿದೆ, ತಿಳಿದೂ ಮಗನನ್ನು ತಡೆಯಲಾರ. ಅವನ ಒಳಗಿನ ಹುಣ್ಣು ಕಣ್ಣಿಲ್ಲದ್ದಲ್ಲ, ಕಣ್ಣಿಲ್ಲವೆಂಬ ಕಾರಣಕ್ಕೆ ಹಿರಿಯನಾದರೂ ಪಟ್ಟ ತಪ್ಪಿ ತಮ್ಮನಿಗೆ ಹೋದದ್ದು. ಅದು ರೂಪಕವಲ್ಲ, ಒಬ್ಬ ಮನುಷ್ಯನಿಗೆ ಒಂದು ರಾಜ್ಯದ ನಿಯಮ ಮಾಡಿದ ಗಾಯ, ಯುದ್ಧದ ಬೇರುಗಳಲ್ಲಿ ಒಂದು. ಯುದ್ಧಕ್ಕೆ ಮುನ್ನ ವ್ಯಾಸರು ಕಣ್ಣು ಕೊಡುತ್ತೇನೆ ಎಂದಾಗ ಅವನು ಬೇಡವೆನ್ನುತ್ತಾನೆ. ನೆಂಟರ ಕೊಲೆಯನ್ನು ನೋಡಲಾರೆ, ಕೇಳುತ್ತೇನೆ ಎನ್ನುತ್ತಾನೆ. ಹಾಗೆ ಸಂಜಯನಿಗೆ ಆ ದೃಷ್ಟಿ ಬರುತ್ತದೆ. ಇಡೀ ಯುದ್ಧವನ್ನು ನಾವು ತಿಳಿಯುವುದು ಈ ಕುರುಡ ರಾಜನಿಗೆ ಹೇಳಿದ ಮಾತಿನಿಂದಲೇ.

ವೆಲ್ಸ್‌ನ ಎರಡನೆಯ ಪಾಠವನ್ನು ನಾನು ಪೂರ್ತಿ ಬಿಟ್ಟುಕೊಡದಿರುವುದೂ ಇಂಥದೇ ಒಂದು ನಿರಾಕರಣೆಯಿಂದಾಗಿ. ಕ್ವಿಟೋಗೆ ಬಂದು ಮಕ್ಕಳ ತಾಯಿಯಾದ ಮೆದಿನಾಗೆ ಕಣ್ಣು ಬರಿಸಿಕೊಳ್ಳುವ ಮಾತು ಬಂದಾಗ ಅವಳು ಒಲ್ಲೆ ಎನ್ನುತ್ತಾಳೆ. ನೋಡುವುದು ಸುಂದರವಿರಬಹುದು, ಭಯಂಕರವೂ ಇರಬೇಕು ಎಂಬರ್ಥದ ಮಾತಾಡುತ್ತಾಳೆ. ಹಳ್ಳಿಯನ್ನು ರೂಪಕಕ್ಕೆ ಬಲಿಕೊಟ್ಟ ಪಾಠವೇ ಆ ಹಳ್ಳಿಯವಳ ಬಾಯಿಗೆ ಮೊದಲ ಬಾರಿ ತನ್ನದೇ ಎನ್ನಬಹುದಾದ ಒಂದು ವಿಚಾರವನ್ನು ಕೊಟ್ಟಿದೆ. 1904ರ ಕೊನೆ ಕಲೆಯಾಗಿ ಮೇಲು ಎಂದು ಹಲವರು ಹೇಳುತ್ತಾರೆ, ನನಗೂ ಅದೇ ಅನಿಸುತ್ತದೆ. ಆದರೆ ಆ ಪಾಠದಲ್ಲಿ ನಾವು ಮೆದಿನಾಳನ್ನು ಕೇಳುವುದು ನೂನೆಜ್‌ನ ಹತ್ತಿರದಿಂದ ಮಾತ್ರ. ಪ್ರಬಂಧ ಬರೆಯುವವರು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಬೇಕು, 1904ರದನ್ನು ಮೊದಲು.